ಸಹಾಯ ಬೇಕು: ಅಂಗಡಿ ಕಾರ್ಯಕ್ರಮದ ವಿಡಿಯೋದಿಂದ ರೀಲ್ಸ್ ಕತ್ತರಿಸಿ ಕೊಡೋರು

ನಮಸ್ಕಾರ. ದಾವಣಗೆರೆ ಮಂಡಿಪೇಟೆ ಹತ್ರ ನಮ್ಮದು ಸೀರೆ ಅಂಗಡಿ. ಹೊಸ ಮಹಡಿ ಪೂಜೆಯ ವಿಡಿಯೋ ಎರಡೂವರೆ ಗಂಟೆ ಇದೆ. ಅದರಲ್ಲಿ 30 ಸೆಕೆಂಡಿನ ಐದು ತುಣುಕು ಬೇಕು, ಮೊಬೈಲ್‌ಗೆ ಉದ್ದುದ್ದ ಕಾಣೋ ಹಂಗೆ.

ಒಬ್ಬರು ಮಾಡಿಕೊಟ್ಟಿದ್ರು, ಸರಿ ಬರಲಿಲ್ಲ. ಅಡ್ಡ ವಿಡಿಯೋದ ನಡುಭಾಗ ಮಾತ್ರ ಇಟ್ಟಿದ್ದಕ್ಕೆ ಸೀರೆ ಬಿಡಿಸಿ ತೋರ್ಸೋವಾಗ ಸೆರಗೇ ಕಾಣಲ್ಲ, ಬರೀ ನನ್ನ ಹೊಟ್ಟೆ! ಹಂಗಾಗಿ ಚೌಕಟ್ಟನ್ನ ಕೈಯಿಂದಲೇ ಸೀರೆ ಹಿಂದೆ ಸರಿಸ್ಬೇಕು. ಕ್ಯಾಮೆರಾದವರು 4ಕೆ ತೆಗೆದಿದ್ದಾರೆ, ಆದ್ದರಿಂದ 1080x1920ಗೆ ಕತ್ತರಿಸಿದ್ರೂ ಮಸುಕಾಗಲ್ಲ. ಮೂಲ ಫೈಲ್ ಹಾರ್ಡ್ ಡಿಸ್ಕಲ್ಲೇ ಕೊಡ್ತೀನಿ. ವಾಟ್ಸಾಪಲ್ಲಿ ಕಳಿಸಿದ್ರೆ ಜರಿ ಎಲ್ಲ ಕಲಸಿಹೋಗುತ್ತೆ.

ಇನ್ನೊಂದು ತಲೆನೋವು ಹಾಡು. ಮಾತಾಡೋವಾಗ ಹಿಂದೆ ಸಿನಿಮಾ ಹಾಡು ಓಡ್ತಿತ್ತು. ಮಾತನ್ನ ಎಲ್ಲಿ ಕತ್ತರಿಸಿದ್ರೂ ಹಾಡು ಎಗರುತ್ತೆ, ಮೇಲೆ ಕಾಪಿರೈಟ್ ಅಂತ ಸದ್ದೇ ಬಂದ್ ಮಾಡ್ತಾರೆ. ಆ ಜಾಗದಲ್ಲಿ ಮೂಲ ಸದ್ದು ತೆಗೆದು, ನಾನೇ ಮೊಬೈಲಲ್ಲಿ ಹೊಸದಾಗಿ ಮಾತಾಡಿ ಕೊಟ್ರೆ ಕೂರಿಸಬಹುದಾ? ತುಟಿ ಕಾಣದಂಗೆ ಸೀರೆ ದೃಶ್ಯ ಹಾಕಿದ್ರೆ ಸಾಕಲ್ವಾ?

ಬೇಕಾದ ಜಾಗದ ನಿಮಿಷ-ಸೆಕೆಂಡು ಬರೆದಿಟ್ಟಿದ್ದೀನಿ. ಮೊದಲು ಒಂದೇ ತುಣುಕು ಮಾಡಿ ತೋರ್ಸಿ, ಅದಕ್ಕೂ ದುಡ್ಡು ಕೊಡ್ತೀನಿ. ಊರಿನವರೇ ಆದ್ರೆ ಒಳ್ಳೇದು, ಪಕ್ಕ ಕೂತು ನೋಡ್ಬಹುದು. ರೇಟ್ ಹೇಳಿ ಇನ್‌ಬಾಕ್ಸ್ ಮಾಡಿ ಅಣ್ಣ.