ಕಾಕಾನ ಬಿಪಿಗೆ ಡಬ್ಬಿ ಟಮಾಟಿ ಜ್ಯೂಸು

“ಅಣ್ಣಾ, ಅಪ್ಪಗ ಬಿಪಿ ಐತಲ್ಲ, ದಿನಾ ಒಂದ್ ಗ್ಲಾಸ್ ಡಬ್ಬಿ ಟಮಾಟಿ ಜ್ಯೂಸ್ ಕೊಡಲೇನು? ಲೈಕೋಪಿನ್ ಇರತೈತಿ, ಹೃದಯಕ್ಕ ಚಲೋ ಅಂತಾರ.”

ತಂಗಿ, ಲೈಕೋಪಿನ್ ಮಾತು ಸುಳ್ಳಲ್ಲ. ಟಮಾಟಿಗೆ ಕೆಂಪು ಬಣ್ಣ ಬರೋದ ಅದರಿಂದ. ಹಸಿ ಹಣ್ಣಿನ್ಯಾಗ ಅದು ಗಟ್ಟಿ ಸಿಕ್ಕೊಂಡಿರತೈತಿ. ಕುದಿಸಿದ್ರ ಬಿಡತೈತಿ, ಸ್ವಲ್ಪ ಎಣ್ಣಿ ಕೂಡಿದ್ರ ಮೈಗೆ ಹತ್ತತೈತಿ. ಡಬ್ಬಿ ಜ್ಯೂಸ್ ಕಾಸಿ ತುಂಬಿದ್ದು, ಅದಕ್ಕ ಅದರಾಗ ಚಲೋ ಸಿಗತೈತಿ. ಹಂಗಂತ ಅದೇನ ಬಿಪಿ ಗುಳಿಗಿ ಅಲ್ಲ ಮತ್ತ.

ತಕರಾರ ಇರೋದು ಉಪ್ಪಿಂದು. ಡಬ್ಬಿ ತಿರುವಿ, ಹಿಂದ ಸೋಡಿಯಂ ಅಂತ ಬರದ ಸಾಲು ನೋಡು. ಉಪ್ಪು ಹಾಕಿದ ಜ್ಯೂಸಿನ್ಯಾಗ 100 ಮಿಲಿಗೆ 250 ಮಿಲಿಗ್ರಾಂ ಆಸುಪಾಸು ಇರತೈತಿ. ಕಾಕಾ ಕುಡಿಯೋದು 200 ಮಿಲಿ ಗ್ಲಾಸು, ಅಂದ್ರ 500 ಆತು. ಅದನ್ನ ಎರಡೂವರಿಲೆ ಗುಣಿಸಿದ್ರ ಉಪ್ಪಿನ ಲೆಕ್ಕ ಸಿಗತೈತಿ: 1250 ಮಿಲಿಗ್ರಾಂ, ಒಂದೂಕಾಲು ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ದಿನಕ್ಕ 5 ಗ್ರಾಂಗಿಂತ ಕಡಿಮಿ ಉಪ್ಪು ತಿನ್ನರಿ ಅಂತೈತಿ. ಅದರಾಗ ಕಾಲು ಭಾಗ, ರೊಟ್ಟಿ ಗಂಗಾಳಕ್ಕ ಬೀಳೂಕಿಂತ ಮೊದಲ ಖಾಲಿ! ಶೇಂಗಾ ಹಿಂಡಿ, ಉಪ್ಪಿನಕಾಯಿ, ಮಜ್ಜಿಗಿ ಇನ್ನೂ ಬಾಕಿ ಅದಾವು.

ಕುಡದು ನೋಡಿ ‘ಉಪ್ಪ ಇಲ್ಲ ಬಿಡು’ ಅನಬ್ಯಾಡ, ಹುಳಿ-ಸಿಹಿ ಕೂಡಿದಾಗ ಉಪ್ಪು ನಾಲಿಗಿಗೆ ಗೊತ್ತಾಗೂದುಲ್ಲ. ಮುಂದ ದೊಡ್ಡಕ್ಷರದಾಗ ‘ಸಕ್ಕರಿ ಸೇರಿಸಿಲ್ಲ’ ಅಂತ ಇದ್ದರ ಅದಕ್ಕೂ ಉಪ್ಪಿಗೂ ಸಂಬಂಧ ಇಲ್ಲ. ಉಪ್ಪು ಹಾಕಲಾರದ ಜ್ಯೂಸಾದ್ರ ಅದ 100 ಮಿಲಿಗೆ ಸೋಡಿಯಂ 10 ಮಿಲಿಗ್ರಾಂ ಹತ್ರ ಇರತೈತಿ. ಅಂಥಾದು ಸಿಕ್ಕರ ತಗೊ.

ನನ್ನ ಕೇಳಿದ್ರ ಮನ್ಯಾಗ ಮಾಡೋದ ಛಲೋ. ಪೂರಾ ಕೆಂಪಾದ, ಮೆತ್ತಗಾದ ಟಮಾಟಿ ಪಾವು ಕಿಲೋ ತಗೊ, ಸಿಪ್ಪಿ ತಗೀಬ್ಯಾಡ. ಒಂದು ಸಣ್ಣ ಚಮಚಾ ಶೇಂಗಾ ಎಣ್ಣ್ಯಾಗ ಜೀರಗಿ, ಒಂದೆಸಳು ಬಳ್ಳೊಳ್ಳಿ ಸಿಡಿಸಿ, ಹೆಚ್ಚಿದ ಹಣ್ಣು ಹಾಕಿ ಮುಚ್ಚಿ ಸಣ್ಣ ಉರಿಮ್ಯಾಲೆ ಹತ್ತು-ಹನ್ನೆರಡು ನಿಮಿಷ ಇಡು. ಆರಿದ ಮ್ಯಾಲೆ ಮಿಕ್ಸಿಗೆ ಹಾಕಿ, ನೀರು ಬೆರಿಸಿ, ಮೆಣಸಿನ ಪುಡಿ ಉದುರಸು. ಸೋಸಬ್ಯಾಡ, ಬಣ್ಣ ಸಿಪ್ಪಿ-ತಿರುಳಿನ್ಯಾಗ ಉಳಕೊಂಡಿರತೈತಿ. ಸಪ್ಪ ಅನಿಸಿದ್ರ ಲಿಂಬಿಹಣ್ಣು ಹಿಂಡು, ಉಪ್ಪಿನ ಡಬ್ಬಿಗೆ ಕೈ ಹಾಕಬ್ಯಾಡ. ‘ಲೋ ಸೋಡಿಯಂ’ ಉಪ್ಪೂ ಬ್ಯಾಡ. ಅದರಾಗ ಸೋಡಿಯಂ ಕಡಿಮಿ ಮಾಡಿ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರತಾರ.

ಮತ್ತ ಟಮಾಟ್ಯಾಗನೂ ಪೊಟ್ಯಾಸಿಯಂ ಬಾಳ ಐತಿ. ಮೂತ್ರಪಿಂಡ ನೆಟ್ಟಗ ಇದ್ದವರಿಗೆ ಅದು ಅಡ್ಡಿ ಇಲ್ಲ. ಆದ್ರ ಕಾಕಾಗ ಕ್ರಿಯಾಟಿನಿನ್ ಜಾಸ್ತಿ ಇದ್ರ, ಇಲ್ಲಾ ಟೆಲ್ಮಿಸಾರ್ಟನ್, ರಾಮಿಪ್ರಿಲ್, ಸ್ಪಿರೊನೊಲ್ಯಾಕ್ಟೋನ್ ಗುಳಿಗಿ ನಡದಿದ್ರ, ರಕ್ತದಾಗ ಪೊಟ್ಯಾಸಿಯಂ ಏರಬಹುದು. ಗುಳಿಗಿ ಚೀಟಿ ಫೋಟೊ ಡಾಕ್ಟರಗ ತೋರಿಸಿ, ದಿನಾ ಕುಡದ್ರ ನಡೀತೈತೇನು ಅಂತ ಕೇಳು. ಅಲ್ಲೀತನ ಗುಳಿಗಿ ಹೆಂಗ ನಡದಾವು ಹಂಗ ನಡೀಲಿ, ಜ್ಯೂಸ್ ತಡದ್ರ ಏನೂ ಕೆಡೂದುಲ್ಲ.