ಅಪ್‌ಡೇಟ್: ಕರೆಂಟ್ ಹೋಗಿ ಹಾಳಾದ ಸೇವ್ ವಾಪಸ್ ಬಂತು

ನಾನು ಕೇಳಿದ್ದು: "ಸ್ಟಾರ್‌ಡ್ಯೂ ವ್ಯಾಲಿ ಸೇವ್ ಆಗುತ್ತಿರುವಾಗಲೇ ಕರೆಂಟ್ ಹೋಯಿತು. ಈಗ ನನ್ನ ತೋಟ ತೆರೆಯುತ್ತಿಲ್ಲ. ಏನು ಮಾಡಲಿ?"

ಸ್ಟೀಮ್‌ನಲ್ಲಿ ವೆರಿಫೈ ಮಾಡಿದ್ದು ಸುಮ್ನೆ ದಂಡ. ಅದು ಗೇಮ್‌ನ ಫೈಲ್‌ಗಳನ್ನಷ್ಟೇ ನೋಡುತ್ತದೆ, ಸೇವ್ ಮುಟ್ಟುವುದಿಲ್ಲ.

ಕೆಲಸ ಮಾಡಿದ್ದು `_old` ಅನ್ನೋ ಹಳೆಯ ಪ್ರತಿಯಿಂದ ಸೇವ್ ವಾಪಸ್ ತರುವ ಸಲಹೆ. ಹೇಳಿದವರಿಗೆ ದೊಡ್ಡ ಥ್ಯಾಂಕ್ಸ್! ಈ ಜಾಗಕ್ಕೆ ಹೋದೆ:

```
%appdata%\StardewValley\Saves
```

ಮೊದಲು ತೋಟದ ಫೋಲ್ಡರನ್ನು ಡೆಸ್ಕ್‌ಟಾಪ್‌ಗೆ ಕಾಪಿ ಮಾಡಿಟ್ಟೆ. ಸೇವ್ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಪೂರ್ತಿ ಖಾಲಿ. ವಿಚಿತ್ರ ಅಂದ್ರೆ ಸೈಜ್ ಮಾತ್ರ ಸರಿಯಾಗೇ ತೋರಿಸುತ್ತಿತ್ತು! ಪಕ್ಕದಲ್ಲೇ ಹಿಂದಿನ ದಿನದ ಪ್ರತಿಗಳಿದ್ದವು, ಹೆಸರಿನ ಕೊನೆಗೆ `_old` ಅಂತ. ಹಾಳಾದ ಸೇವ್ ಫೈಲ್ ಮತ್ತು `SaveGameInfo` ಎರಡನ್ನೂ ಅಳಿಸಿ, ಹಳೆಯವುಗಳ ಹೆಸರಿನಿಂದ `_old` ತೆಗೆದೆ. ತೋಟ ತೆರೆಯಿತು. ಆಟದ ಒಂದು ದಿನವಷ್ಟೇ ಹೋಯಿತು.

ಆಮೇಲೆ 600 ವಿಎ ಯುಪಿಎಸ್ ತಂದೆ. ಮೊದಲ ಸಲ ಸಿಪಿಯು ಮಾತ್ರ ಅದಕ್ಕೆ ಹಾಕಿದ್ದೆ. ಕರೆಂಟ್ ಹೋದಾಗ ಗೇಮ್ ಓಡುತ್ತಿದೆ, ಮಾನಿಟರ್ ಕಪ್ಪು! ಈಗ ಎರಡೂ ಅದರಲ್ಲೇ ಇವೆ. ಸಿಗುವುದು ಕೆಲವೇ ನಿಮಿಷ, ಆಟ ಮುಂದುವರಿಸೋಕಲ್ಲ. ಯುಪಿಎಸ್ ಬೀಪ್ ಕೇಳಿದ ತಕ್ಷಣ ಆಟದಲ್ಲಿ ಮನೆಗೆ ಓಡಿ ಮಲಗುತ್ತೇನೆ, ಸೇವ್ ಆಗುವುದು ಆಗಲೇ ಅಲ್ವಾ. ಆಮೇಲೆ ಶಟ್‌ಡೌನ್.