‘ಅಪ್ಪುಗೆ ಕೊಡಲೇ?’ ಎಂದು ಆಯಿಯನ್ನು ಕೇಳಿದ ಮಗಳು
ಈ ಸಲ ರಜೆಗೆ ಕಲಬುರಗಿಗೆ ಹೋದಾಗ ಬಾಗಿಲಲ್ಲೇ ಒಂದು ಪೇಚು ಎದುರಾಯಿತು. ಎಂಟು ವರ್ಷದ ಮಗಳು ನನ್ನ ಅವ್ವನ ಮುಂದೆ ನಿಂತು, ‘ಆಯಿ, ನಿನಗೊಂದು ಅಪ್ಪುಗೆ ಕೊಡಲೇ?’ ಎಂದಳು. ಯಾರನ್ನಾದರೂ ಮುಟ್ಟುವ ಮುನ್ನ ಕೇಳಬೇಕೆಂದು ಇಂಗ್ಲೆಂಡಿನ ಶಾಲೆಯಲ್ಲಿ ಕಲಿತ ಮಗು ಅದು. ಅವ್ವನ ಮುಖ ಬಾಡಿತು. ‘ಕೇಳುವುದೇನವ್ವ, ನಾನೇನು ಹೊರಗಿನವಳೇ?’ ಎಂದಳು.

ತಪ್ಪು ಮಗಳದಲ್ಲ, ನಾನು ಕಲಿಸಿದ ಮಾತಿನದು. ಕನ್ನಡದಲ್ಲಿ ಮುತ್ತು ಕೊಡುತ್ತೇವೆ, ಅಪ್ಪುಗೆ ಕೊಡುವುದಿಲ್ಲ, ಅಪ್ಪಿಕೊಳ್ಳುತ್ತೇವೆ, ತಬ್ಬಿಕೊಳ್ಳುತ್ತೇವೆ. ಆ ‘ಕೊಳ್ಳು’ ಎಂಬುದರಲ್ಲೇ ಎಲ್ಲವೂ ಇದೆ. ‘ಮಗುವನ್ನು ಎತ್ತು’ ಎಂದರೆ ನೆಲದಿಂದ ಮೇಲೆತ್ತಿದರೆ ಸಾಕು. ‘ಎತ್ತಿಕೋ’ ಎಂದರೆ ಕಂಕುಳಿಗೆ ಸೇರಿಸಿಕೊಳ್ಳಬೇಕು. ಇನ್ನೊಬ್ಬರನ್ನು ನಮ್ಮ ಕಡೆಗೆ ಎಳೆದುಕೊಳ್ಳುವ ಕ್ರಿಯೆ ಅದು. ‘ಕೊಡಲೇ’ ಎಂದಾಗ ಅಂಗಡಿಯವನು ಗಿರಾಕಿಯನ್ನು ಕೇಳಿದ ಹಾಗೆ ಅವ್ವನಿಗೆ ಕೇಳಿಸಿರಬೇಕು. ನಮ್ಮ ಮನೆಗಳಲ್ಲಿ ಅಜ್ಜಿಯರು ಅಪ್ಪಿಕೊಳ್ಳುವ ಕ್ರಿಯಾಪದವನ್ನು ಬಾಯಿಗೇ ತರುವುದಿಲ್ಲ. ‘ಬಾ’ ಎನ್ನುತ್ತಾರೆ, ಗಲ್ಲ ಸವರಿ ಆ ಬೆರಳುಗಳನ್ನು ತಮ್ಮ ತುಟಿಗೆ ಒತ್ತಿಕೊಳ್ಳುತ್ತಾರೆ, ತಮ್ಮ ಕಣತಲೆಗೆ ಬೆರಳು ಒತ್ತಿ ಲಟಿಕೆ ಮುರಿಯುತ್ತಾರೆ. ಮಗಳಿಗೆ ‘ಬಾ ಆಯಿ’ ಎಂದು ಕೈ ಚಾಚಲು ಹೇಳಿಕೊಟ್ಟೆ. ಮರುದಿನ ಅವ್ವ ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಬಂದಳು.

ಹಾಗೆಂದು ಕೇಳುವ ಅಭ್ಯಾಸವನ್ನು ಬಿಡಿಸಲು ನನಗೆ ಮನಸ್ಸಿಲ್ಲ. ಮಗುವಿಗೆ ಬೇಡವಾದಾಗ ಹೇಳಲು ನಮ್ಮ ಕಡೆ ‘ಒಲ್ಲೆ’ ಎಂಬ ಚೆಂದದ ಮಾತಿದೆ. ‘ಬೇಡ’ ಎಂಬುದು ಎದುರಿನವರನ್ನು ತಡೆಯುತ್ತದೆ. ‘ಒಲ್ಲೆ’ ತನ್ನ ಮನಸ್ಸನ್ನಷ್ಟೇ ಹೇಳುತ್ತದೆ. ಬಂಧುಗಳು ಮುದ್ದಿಸಲು ಬಂದಾಗ ಅವಳು ‘ಒಲ್ಲೆ’ ಎಂದರೆ ಯಾರೂ ಬೇಸರಪಡಲಿಲ್ಲ.

ಹದಿನೈದರ ಮಗನದು ಬೇರೆಯೇ ಕಥೆ. ಸೂಪರ್ ಮಾರ್ಕೆಟ್‌ನಲ್ಲಿ ನಡೆಯುವಾಗ ನನ್ನ ಅಣ್ಣನ ಮಗ ಸಹಜವಾಗಿ ಅವನ ಕೈ ಹಿಡಿದ. ಇವನು ಬೆಂಕಿ ಮುಟ್ಟಿದವನಂತೆ ಕೈ ಎಳೆದುಕೊಂಡ. ಇಂಗ್ಲೆಂಡಿನಲ್ಲಿ ಇಬ್ಬರು ಹುಡುಗರು ಕೈ ಹಿಡಿದರೆ ಜನ ಅವರನ್ನು ಜೋಡಿ ಎಂದುಕೊಳ್ಳುತ್ತಾರೆ. ಕಲಬುರಗಿಯಲ್ಲಿ ಅದು ಬರೀ ಗೆಳೆತನ. ಅದೇ ಒಬ್ಬ ಹುಡುಗ, ಒಬ್ಬ ಹುಡುಗಿ ಕೈ ಹಿಡಿದರೆ ನಮ್ಮ ಮಾತೇ ಅಡ್ಡ ಬರುತ್ತದೆ. ‘ಕೈ ಹಿಡಿದವಳು’ ಎಂದರೆ ಹೆಂಡತಿ. ಆದ್ದರಿಂದ ಹಿರಿಯರು ‘ಜೊತೆಯಲ್ಲಿ ಓಡಾಡುತ್ತಾರೆ’ ಎನ್ನುತ್ತಾರೆ, ಕೈಯ ಸುದ್ದಿ ಎತ್ತುವುದಿಲ್ಲ. ಈದ್ ದಿನ ನಮ್ಮೂರ ಬೀದಿಯಲ್ಲಿ ಗಂಡಸರು ಎದೆಗೆ ಎದೆ ಕೊಟ್ಟು ಅಪ್ಪಿಕೊಂಡರೂ ಅದರ ಹೆಸರು ‘ಗಲೇ ಮಿಲ್ನಾ’, ಅಂದರೆ ಕೊರಳು ಕೂಡುವುದು. ಭೇಟಿಯ ಮಾತಾದ್ದರಿಂದ ಅಲ್ಲಿ ಯಾರಿಗೂ ಸಂಕೋಚವಿಲ್ಲ.

ಮಗನಿಗೆ ಇಷ್ಟೆಲ್ಲ ಬಿಡಿಸಿ ಹೇಳಿದೆ. ಊರು ಬಿಡುವ ದಿನ ಅವನು ನನ್ನ ಅಣ್ಣನ ಮಗನ ಹೆಗಲ ಮೇಲೆ ಕೈ ಹಾಕಿಕೊಂಡು ರೈಲು ನಿಲ್ದಾಣದವರೆಗೂ ನಡೆದ. ನಿಮ್ಮ ಮಕ್ಕಳಿಗೆ ಈ ವ್ಯತ್ಯಾಸವನ್ನು ಯಾವ ಮಾತಿನಲ್ಲಿ ಹೇಳಿಕೊಟ್ಟಿದ್ದೀರಿ?